ಸೋರ್ಸ್ ರೆಸಿಸ್ಟರ್ ಎಳೆಯುವ ಗೆರೆ

2N5457 ಎಂಬ ಜೆಫೆಟ್‌ನ ಡೇಟಾಶೀಟ್ ತೆರೆದರೆ ಅದರಲ್ಲಿ ಎರಡು ಸಾಲುಗಳು ಗಾಬರಿ ಹುಟ್ಟಿಸುತ್ತವೆ. ಗೇಟನ್ನು ಸೋರ್ಸ್‌ಗೆ ನೇರವಾಗಿ ಸೇರಿಸಿದಾಗ ಹರಿಯುವ ಕರೆಂಟು 1 ಮಿಲಿಆಂಪಿಯರ್ ಇರಬಹುದು, 5 ಕೂಡ ಇರಬಹುದು ಎನ್ನುತ್ತದೆ ಒಂದು ಸಾಲು. ಆ ಕರೆಂಟನ್ನು ಪೂರ್ತಿ ನಿಲ್ಲಿಸಲು ಗೇಟಿಗೆ ಕೊಡಬೇಕಾದ ವೋಲ್ಟೇಜು ಮೈನಸ್ ಅರ್ಧ ವೋಲ್ಟಿನಿಂದ ಮೈನಸ್ 6 ವೋಲ್ಟಿನವರೆಗೆ ಎಲ್ಲಿಯಾದರೂ ಇರಬಹುದು ಎನ್ನುತ್ತದೆ ಇನ್ನೊಂದು. ಹೆಸರು ಒಂದೇ, ಬೆಲೆ ಒಂದೇ, ಗುಣದಲ್ಲಿ ಮಾತ್ರ ಇಷ್ಟು ಅಂತರ. ಹೀಗಿರುವ ಬಿಡಿಭಾಗವನ್ನು ನಂಬಿ ಆಂಪ್ಲಿಫೈಯರ್ ಕಟ್ಟುವುದು ಹೇಗೆ? ಎಲ್ಲಕ್ಕಿಂತ ಸರಳವಾದ ಉತ್ತರ ಒಂದು ರೆಸಿಸ್ಟರ್. ಅದನ್ನು ಸೋರ್ಸ್ ಮತ್ತು ನೆಲದ ನಡುವೆ ಇಡುತ್ತಾರೆ. ಆ ಉತ್ತರ ಎಷ್ಟು ದೂರ ನಡೆಯುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಒಂದು ಗ್ರಾಫ್ ಹಾಳೆಯ ಮೇಲೆಯೇ ನೋಡಬಹುದು.

ಮೊದಲು ಜೆಫೆಟ್ ಏನು ಮಾಡುತ್ತದೆ ಎಂಬುದು. ಸಿಲಿಕಾನ್‌ನ ಒಂದು ಕಿರಿದಾದ ಹಾದಿಯಲ್ಲಿ ಎಲೆಕ್ಟ್ರಾನ್‌ಗಳು ಸೋರ್ಸ್‌ನಿಂದ ಡ್ರೇನ್‌ಗೆ ಹರಿಯುತ್ತವೆ. ಹಾದಿಯ ಪಕ್ಕದಲ್ಲಿ ಗೇಟ್ ಇದೆ. ಸೋರ್ಸ್‌ಗಿಂತ ಗೇಟಿನ ವೋಲ್ಟೇಜು ಕೆಳಗಿಳಿದಷ್ಟೂ ಹಾದಿ ಕಿರಿದಾಗುತ್ತದೆ, ಒಂದು ಹಂತದಲ್ಲಿ ಮುಚ್ಚಿಯೇ ಹೋಗುತ್ತದೆ. ಮುಚ್ಚಿಹೋಗುವ ಆ ವೋಲ್ಟೇಜನ್ನು ಇಲ್ಲಿ VP ಎಂದು ಬರೆಯೋಣ. ಗೇಟಿಗೂ ಸೋರ್ಸ್‌ಗೂ ವ್ಯತ್ಯಾಸವೇ ಇಲ್ಲದಾಗ ಹರಿಯುವ ಪೂರ್ಣ ಕರೆಂಟು IDSS. ವಿಲಿಯಂ ಶಾಕ್ಲಿ 1952ರಲ್ಲಿ ಈ ಸಾಧನದ ಸಿದ್ಧಾಂತವನ್ನು ಪ್ರಕಟಿಸಿದರು. ಇವತ್ತು ಪಠ್ಯಪುಸ್ತಕಗಳಲ್ಲಿ ಅವರ ಹೆಸರಿನಲ್ಲೇ ಕಲಿಸುವ ಸಮೀಕರಣ ಕೆಳಗಿನ ಎರಡರಲ್ಲಿ ಮೊದಲನೆಯದು:

```
ID  = IDSS × (1 − VGS/VP)²
VGS = −ID × RS
```

ಎರಡನೆಯ ಸಾಲು ನಮ್ಮ ರೆಸಿಸ್ಟರಿನದು. ಗೇಟನ್ನು 1 ಮೆಗಾಓಮ್ ರೆಸಿಸ್ಟರ್ ಮೂಲಕ ನೆಲಕ್ಕೆ ಕಟ್ಟಿರುತ್ತೇವೆ. ಗೇಟಿನಲ್ಲಿ ಸೋರುವ ಕರೆಂಟು ಕೋಣೆಯ ಉಷ್ಣತೆಯಲ್ಲಿ ಹೆಚ್ಚೆಂದರೆ 1 ನ್ಯಾನೋಆಂಪಿಯರ್ ಆದ್ದರಿಂದ ಆ ದೊಡ್ಡ ರೆಸಿಸ್ಟರಿನಲ್ಲಿಯೂ 1 ಮಿಲಿವೋಲ್ಟ್ ಮೀರಿ ಇಳಿಯುವುದಿಲ್ಲ. ಎಂದರೆ ಗೇಟ್ ನೆಲದ ಮಟ್ಟದಲ್ಲೇ ಇರುತ್ತದೆ. ಇತ್ತ ಡ್ರೇನ್ ಕರೆಂಟು ಸೋರ್ಸ್ ರೆಸಿಸ್ಟರ್ ಮೂಲಕ ಹಾಯುವಾಗ ಸೋರ್ಸ್‌ನ ವೋಲ್ಟೇಜು ನೆಲದಿಂದ ಮೇಲೇರುತ್ತದೆ. ಸೋರ್ಸ್ ಮೇಲೇರಿತು, ಗೇಟ್ ಅಲ್ಲೇ ಉಳಿಯಿತು. ಸೋರ್ಸ್‌ನ ಕಡೆಯಿಂದ ನೋಡಿದರೆ ಗೇಟ್ ಈಗ ಮೈನಸ್ಸಿನಲ್ಲಿದೆ. ಮೈನಸ್ ವೋಲ್ಟೇಜಿಗೆಂದು ಬೇರೆ ಬ್ಯಾಟರಿ ಬೇಕಾಗಲಿಲ್ಲ. ವಾಲ್ವ್ ರೇಡಿಯೋಗಳ ಕಾಲದಲ್ಲಿ ಕ್ಯಾಥೋಡ್ ರೆಸಿಸ್ಟರ್ ಇದೇ ಕೆಲಸ ಮಾಡುತ್ತಿತ್ತು.

ಈಗ ಒಂದು ನಿಜವಾದ ಕೆಲಸ ಹಿಡಿಯೋಣ. ವೀಣೆಗೆ ಅಂಟಿಸುವ ಪೀಜೋ ಪಿಕಪ್ಪಿಗೆ 9 ವೋಲ್ಟ್ ಬ್ಯಾಟರಿಯ ಪ್ರೀಆಂಪ್ ಬೇಕು. ಪೀಜೋ ಬಿಲ್ಲೆ ಬಹಳ ಕಡಿಮೆ ಕರೆಂಟು ಕೊಡುವಂಥದ್ದು. ಅದರ ಮೇಲೆ ಭಾರ ಬಿದ್ದರೆ ಮಂದ್ರದ ಸ್ವರಗಳೇ ಮೊದಲು ಸೊರಗುತ್ತವೆ. ಗೇಟ್ ಕರೆಂಟು ಬೇಡದ ಜೆಫೆಟ್ ಇಲ್ಲಿಗೆ ಸರಿಯಾಗಿ ಹೊಂದುತ್ತದೆ.

ಕೈಯಲ್ಲಿರುವ ತುಂಡನ್ನು ಮೊದಲು ಅಳೆಯಬೇಕು. ಡೇಟಾಶೀಟಿನ ಮಧ್ಯದ ಅಂಕಿಯನ್ನು ನಂಬಿ ಮುಂದುವರಿಯುವುದು ಅನೇಕ ಪ್ರೀಆಂಪ್‌ಗಳು ಕೆಡುವ ಮೊದಲ ಜಾಗ ಎಂದು ನಾನು ತಿಳಿದಿದ್ದೇನೆ. ಗೇಟು, ಸೋರ್ಸ್ ಎರಡನ್ನೂ ನೆಲಕ್ಕೆ ಸೇರಿಸಿ, ಡ್ರೇನಿಗೆ ಮಲ್ಟಿಮೀಟರಿನ ಮಿಲಿಆಂಪಿಯರ್ ಶ್ರೇಣಿಯ ಮೂಲಕ 9 ವೋಲ್ಟ್ ಕೊಟ್ಟರೆ IDSS ತಿಳಿಯುತ್ತದೆ. ಆಮೇಲೆ ಗೇಟನ್ನು ನೆಲದಲ್ಲೇ ಬಿಟ್ಟು ಸೋರ್ಸ್‌ಗೆ 1 ಮೆಗಾಓಮ್ ಹಾಕಿ ಸೋರ್ಸ್‌ನ ವೋಲ್ಟೇಜು ನೋಡಬೇಕು. ಅಷ್ಟು ದೊಡ್ಡ ರೆಸಿಸ್ಟರಿನಲ್ಲಿ ಹಾದಿ ಬಹುತೇಕ ಮುಚ್ಚಿರುವುದರಿಂದ, ಕಾಣುವ ಅಂಕಿ ಹೆಚ್ಚುಕಡಿಮೆ VPಯ ಗಾತ್ರವೇ. ನಮ್ಮ ತುಂಡಿನಲ್ಲಿ IDSS 3 ಮಿಲಿಆಂಪಿಯರ್, VP ಮೈನಸ್ 2 ವೋಲ್ಟ್ ಎಂದಿಟ್ಟುಕೊಳ್ಳೋಣ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ VGS, ಮೇಲಕ್ಕೆ ID. ವಕ್ರರೇಖೆಗೆ ನಾಲ್ಕು ಬಿಂದುಗಳು ಸಾಕು. VGS ಸೊನ್ನೆಯಾದಾಗ 3 ಮಿಲಿಆಂಪಿಯರ್. VPಯ ಹತ್ತರಲ್ಲಿ ಮೂರು ಪಾಲು, ಅಂದರೆ ಮೈನಸ್ 0.6 ವೋಲ್ಟಿನಲ್ಲಿ ಅರ್ಧ, 1.5. VPಯ ಅರ್ಧದಲ್ಲಿ, ಮೈನಸ್ 1 ವೋಲ್ಟಿನಲ್ಲಿ ಕಾಲು ಪಾಲು, 0.75. ಮೈನಸ್ 2ರಲ್ಲಿ ಸೊನ್ನೆ. ಈ ನಾಲ್ಕನ್ನು ಕೈಯಿಂದ ನಯವಾಗಿ ಸೇರಿಸಿದರೆ ವರ್ಗಾವಣೆ ರೇಖೆ ಸಿದ್ಧ. ರೆಸಿಸ್ಟರಿನ ಸಮೀಕರಣ ಮೂಲಬಿಂದುವಿನಿಂದ ಹೊರಡುವ ನೇರ ಗೆರೆ. ರೆಸಿಸ್ಟರ್ ದೊಡ್ಡದಾದಷ್ಟೂ ಗೆರೆ ಹೆಚ್ಚು ಮಲಗುತ್ತದೆ. ಎರಡೂ ಷರತ್ತುಗಳನ್ನು ಒಟ್ಟಿಗೆ ಪಾಲಿಸುವ ಜಾಗ ಒಂದೇ, ಅವು ಕತ್ತರಿಸುವ ಬಿಂದು. ಸರ್ಕ್ಯೂಟ್ ಅಲ್ಲಿಯೇ ನೆಲೆಗೊಳ್ಳುತ್ತದೆ.

ಕರೆಂಟು IDSSನ ಅರ್ಧದಲ್ಲಿ ನಿಂತರೆ ಸಿಗ್ನಲ್ ಎರಡೂ ಕಡೆಗೆ ಓಲಾಡಲು ಜಾಗವಿರುತ್ತದೆ. ಅರ್ಧಕ್ಕೆ ಬೇಕಾದ VGS ನಿಖರವಾಗಿ VPಯ 0.293 ಪಾಲು, ಎಂದರೆ ಮೈನಸ್ 0.586 ವೋಲ್ಟ್. ಅದನ್ನು 1.5 ಮಿಲಿಆಂಪಿಯರಿನಿಂದ ಭಾಗಿಸಿದರೆ 390 ಓಮ್, ಅಂಗಡಿಯಲ್ಲಿ ಸಿಗುವ ಬೆಲೆಯೇ. ಡ್ರೇನಿಗೆ 2.2 ಕಿಲೋಓಮ್ ಹಾಕಿದರೆ ಅಲ್ಲಿ 3.3 ವೋಲ್ಟ್ ಇಳಿದು ಡ್ರೇನ್ 5.7 ವೋಲ್ಟಿನಲ್ಲಿ ನಿಲ್ಲುತ್ತದೆ. ಸೋರ್ಸ್ ರೆಸಿಸ್ಟರಿಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಟ್ಟರೆ ವರ್ಧನೆ ಸುಮಾರು 4.7 ಪಟ್ಟು, ತೆಗೆದರೆ ಎರಡೂವರೆ ಪಟ್ಟು. ಪೀಜೋದ ಸಿಗ್ನಲ್ಲೇ ಸಾಕಷ್ಟು ಜೋರಾಗಿರುವುದರಿಂದ ವೀಣೆಗೆ ಎರಡೂವರೆ ಪಟ್ಟೇ ಒಳ್ಳೆಯದೆಂದು ನನ್ನ ಎಣಿಕೆ. ಮೀಟಿನ ಹೊಡೆತಕ್ಕೆ ಸದ್ದು ಒಡೆಯುವುದು ಅದರಲ್ಲಿ ಕಡಿಮೆ.

ಸಮೀಕರಣದಿಂದಲೇ ಉತ್ತರ ತೆಗೆಯಲು ಹೊರಟವರಿಗೆ ಇಲ್ಲೊಂದು ಗುಂಡಿ ಕಾದಿದೆ. ಎರಡು ಸಾಲುಗಳನ್ನು ಬೆಸೆದರೆ ವರ್ಗಸಮೀಕರಣ ಬರುತ್ತದೆ, ಅದಕ್ಕೆ ಎರಡು ಉತ್ತರಗಳು. ನಮ್ಮ ಲೆಕ್ಕದಲ್ಲಿ ಎರಡನೆಯದು ಮೈನಸ್ 6.8 ವೋಲ್ಟ್, 17 ಮಿಲಿಆಂಪಿಯರಿಗೂ ಮೇಲೆ. ಮೈನಸ್ 2ಕ್ಕೇ ಮುಚ್ಚಿಹೋದ ಹಾದಿಯಲ್ಲಿ ಇದು ಹರಿಯುವ ಮಾತಿಲ್ಲ. VGSನ್ನು VPಯಿಂದ ಭಾಗಿಸಿ ಬರುವ ಎರಡು ಉತ್ತರಗಳ ಗುಣಲಬ್ಧ ಯಾವಾಗಲೂ 1. ಆದ್ದರಿಂದ ಒಂದು ಉತ್ತರ 1ಕ್ಕಿಂತ ಕಿರಿದು, ಇನ್ನೊಂದು ಹಿರಿದು. ಕಿರಿದು ಮಾತ್ರ ನಿಜ. ಗ್ರಾಫ್ ಹಾಳೆಯಲ್ಲಿ ಈ ಗೊಂದಲವೇ ಹುಟ್ಟುವುದಿಲ್ಲ, ಏಕೆಂದರೆ VPಯಲ್ಲಿ ನಮ್ಮ ರೇಖೆ ಮುಗಿದಿರುತ್ತದೆ.

ಇಷ್ಟರಲ್ಲಿ ಒಂದು ಪ್ರೀಆಂಪ್ ಆಯಿತು. ಆದರೆ ಅದೇ 390 ಓಮ್ ಸರ್ಕ್ಯೂಟಿಗೆ ಬೇರೆ ತುಂಡು ಬಂದರೆ? ಡೇಟಾಶೀಟಿನ ಎರಡು ತುದಿಗಳನ್ನೇ ತೆಗೆದುಕೊಳ್ಳೋಣ. 1 ಮಿಲಿಆಂಪಿಯರ್, ಮೈನಸ್ ಅರ್ಧ ವೋಲ್ಟಿನ ತುಂಡು ದುರ್ಬಲ. 5 ಮಿಲಿಆಂಪಿಯರ್, ಮೈನಸ್ 6 ವೋಲ್ಟಿನದು ಬಲಿಷ್ಠ. ಎರಡರ ವಕ್ರರೇಖೆಗಳನ್ನೂ ಅದೇ ಹಾಳೆಯಲ್ಲಿ ಬರೆದು, ಅದೇ ಗೆರೆ ಎಲ್ಲೆಲ್ಲಿ ಕತ್ತರಿಸುತ್ತದೆಂದು ನೋಡಿದರೆ ದುರ್ಬಲದ್ದು 0.44ರಲ್ಲಿ, ಬಲಿಷ್ಠದ್ದು 3.2ರಲ್ಲಿ ಸಿಗುತ್ತದೆ. ರೆಸಿಸ್ಟರಿನ ಬದಲು ಬ್ಯಾಟರಿಯಿಂದ ಮೈನಸ್ 0.586 ವೋಲ್ಟನ್ನು ಸ್ಥಿರವಾಗಿ ಕೊಟ್ಟಿದ್ದರೆ ಆ ಗೆರೆ ನೆಟ್ಟಗೆ ನಿಂತಿರುತ್ತಿತ್ತು. ಆಗ ದುರ್ಬಲ ತುಂಡು ಪೂರ್ತಿ ಮುಚ್ಚಿಕೊಂಡು ಸುಮ್ಮನಾಗುತ್ತಿತ್ತು, ಬಲಿಷ್ಠದ್ದು 4.1 ಮಿಲಿಆಂಪಿಯರ್ ಎಳೆಯುತ್ತಿತ್ತು. ಓರೆ ಗೆರೆ ಎರಡನ್ನೂ ಒಳಕ್ಕೆ ಎಳೆದಿದೆ. ಕರೆಂಟು ಏರಿದರೆ ಸೋರ್ಸ್ ಏರಿ ಹಾದಿಯನ್ನು ತಾನೇ ಕಿರಿದಾಗಿಸುತ್ತದೆ, ಇಳಿದರೆ ಅಗಲಿಸುತ್ತದೆ.

ಆದರೂ ಬಲಿಷ್ಠ ತುಂಡಿನಲ್ಲಿ ಪ್ರೀಆಂಪ್ ಕೆಟ್ಟಿದೆ. ಗೇಟ್ ನೆಲದಲ್ಲಿರುವಾಗ ಡ್ರೇನ್ ಕನಿಷ್ಠ VPಯ ಗಾತ್ರದಷ್ಟಾದರೂ ನೆಲದಿಂದ ಮೇಲಿರಬೇಕು. ಶಾಕ್ಲಿ ಸಮೀಕರಣ ನಿಜವಾಗುವುದು ಅಲ್ಲಿಂದ ಮೇಲೆ ಮಾತ್ರ. ಈ ತುಂಡಿಗೆ 6 ವೋಲ್ಟ್ ಬೇಕು. ಆದರೆ 2.2 ಕಿಲೋಓಮಿನಲ್ಲಿ 3.2 ಮಿಲಿಆಂಪಿಯರ್ ಹರಿದರೆ ಡ್ರೇನಿಗೆ ಉಳಿಯುವುದು 2 ವೋಲ್ಟ್ ಅಷ್ಟೇ. ಹಾಗಾಗಿ ಸಾಧನ ಲೆಕ್ಕದ ಕರೆಂಟನ್ನು ಮುಟ್ಟದೆ ಸುಮಾರು ಎರಡೂವರೆ ಮಿಲಿಆಂಪಿಯರಿಗೆ ನಿಲ್ಲುತ್ತದೆ, ಡ್ರೇನ್ 3.4 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಅಂಕಿಗಳು ನೋಡಲು ಸಭ್ಯವಾಗಿಯೇ ಇವೆ. ಕಿವಿಗೆ ಮಾತ್ರ ವರ್ಧನೆ ಕುಸಿದದ್ದು, ಸ್ವರ ಮಬ್ಬಾದದ್ದು ತಿಳಿಯುತ್ತದೆ. ಇದನ್ನು ಮೀಟರಿನಲ್ಲಿ ಹಿಡಿಯುವ ದಾರಿಯೂ ಇದೆ. ಡ್ರೇನಿನ ವೋಲ್ಟೇಜು ನೋಡಿ, ಮೊದಲೇ ಅಳೆದ VPಯ ಜೊತೆ ಹೋಲಿಸಬೇಕು. ಅದಕ್ಕಿಂತ ಕಡಿಮೆಯಿದ್ದರೆ ಡ್ರೇನ್ ರೆಸಿಸ್ಟರ್ ಚಿಕ್ಕದಾಗಬೇಕು ಅಥವಾ ತುಂಡು ಬದಲಾಗಬೇಕು. VGSಗಾಗಿ ಗೇಟಿಗೆ ಮೀಟರ್ ಮುಟ್ಟಿಸುವ ಅಗತ್ಯವಿಲ್ಲ. ಸೋರ್ಸ್‌ನ ವೋಲ್ಟೇಜಿಗೆ ಮೈನಸ್ ಹಾಕಿದರೆ ಅದೇ VGS, 390ರಿಂದ ಭಾಗಿಸಿದರೆ ಅದೇ ಕರೆಂಟು.

ಹಾಗಾದರೆ ರೆಸಿಸ್ಟರನ್ನು ಇನ್ನೂ ದೊಡ್ಡದು ಮಾಡಿ ಗೆರೆಯನ್ನು ಮಲಗಿಸಿದರೆ ಎಲ್ಲ ತುಂಡುಗಳೂ ಒಂದೇ ಕರೆಂಟಿಗೆ ಬರಬಹುದಲ್ಲ ಎಂದು ಯಾರಿಗಾದರೂ ಅನಿಸುತ್ತದೆ. 390ರ ಜಾಗದಲ್ಲಿ 2.2 ಕಿಲೋಓಮ್ ಇಟ್ಟು ನೋಡೋಣ. ದುರ್ಬಲ ತುಂಡು 0.14, ಬಲಿಷ್ಠದ್ದು 1.3 ಮಿಲಿಆಂಪಿಯರ್. ಮಿಲಿಆಂಪಿಯರ್‌ಗಳ ಲೆಕ್ಕದಲ್ಲಿ ಅಂತರ ಕಿರಿದಾಯಿತು ನಿಜ. ಆದರೆ ಮೊದಲು ಒಂದು ಇನ್ನೊಂದರ ಏಳು ಪಟ್ಟಿತ್ತು, ಈಗ ಒಂಬತ್ತು ಪಟ್ಟು ದಾಟಿದೆ. ಗೆರೆ ಮಲಗಿದಂತೆ ಕತ್ತರಿಸುವ ಬಿಂದು VPಯ ಹತ್ತಿರಕ್ಕೆ ಜಾರುತ್ತದೆ, ಕರೆಂಟು ಹೆಚ್ಚುಕಡಿಮೆ VPಯನ್ನು ರೆಸಿಸ್ಟರಿನಿಂದ ಭಾಗಿಸಿದಷ್ಟೇ ಆಗುತ್ತದೆ. VPಗಳೇ ಹನ್ನೆರಡು ಪಟ್ಟು ಬೇರೆಯಾಗಿರುವಾಗ ಕರೆಂಟು ಕೂಡ ಅತ್ತಲೇ ಸಾಗುತ್ತದೆ. ಗೆರೆ ಮೂಲಬಿಂದುವಿಗೆ ಕಟ್ಟಿಹೋಗಿರುವುದೇ ಇದಕ್ಕೆ ಕಾರಣ.

ಆ ಕಟ್ಟನ್ನು ಬಿಚ್ಚಬೇಕೆಂದರೆ ಗೇಟನ್ನು ನೆಲದಿಂದ ಮೇಲೆತ್ತಬೇಕು. ಎರಡು ದೊಡ್ಡ ರೆಸಿಸ್ಟರ್‌ಗಳಿಂದ ಬ್ಯಾಟರಿಯ ವೋಲ್ಟೇಜನ್ನು ಹಂಚಿ ಗೇಟಿಗೆ 3 ವೋಲ್ಟ್ ಕೊಟ್ಟು, ಸೋರ್ಸ್‌ಗೆ 3.9 ಕಿಲೋಓಮ್ ಇಟ್ಟರೆ ಗೆರೆ ಬಲಕ್ಕೆ 3 ವೋಲ್ಟಿನಿಂದ ಹೊರಟು ಮಲಗಿದಂತೆ ಬರುತ್ತದೆ. ಆಗ ದುರ್ಬಲ ತುಂಡು 0.78ರಲ್ಲಿ, ನಮ್ಮ ಮಧ್ಯದ್ದು 1ರ ಆಸುಪಾಸಿನಲ್ಲಿ, ಬಲಿಷ್ಠದ್ದು 1.47ರಲ್ಲಿ ನಿಲ್ಲುತ್ತದೆ. ಹೆಚ್ಚುಕಡಿಮೆಯೆಲ್ಲ ಎರಡು ಪಟ್ಟಿನೊಳಗೆ ಬಂತು. ಇದಕ್ಕೆ ತೆರಬೇಕಾದ ಬೆಲೆ ವೋಲ್ಟೇಜು. ಗೇಟ್ 3ರಲ್ಲಿದ್ದರೆ ಬಲಿಷ್ಠ ತುಂಡಿನ ಡ್ರೇನ್ 9ಕ್ಕಿಂತ ಕೆಳಗೆ ಇಳಿಯುವಂತಿಲ್ಲ, ಬ್ಯಾಟರಿಯಲ್ಲಿ ಇರುವುದೇ 9. ಡ್ರೇನನ್ನು ನೇರವಾಗಿ ಬ್ಯಾಟರಿಗೆ ಸೇರಿಸಿ, ಸೋರ್ಸ್‌ನಿಂದಲೇ ಸಿಗ್ನಲ್ ತೆಗೆದು, ವರ್ಧನೆಯಿಲ್ಲದ ಬಫರ್ ಮಾಡಿಕೊಂಡರೆ ಇದು ಅಂಚಿನಲ್ಲಿ ನಡೆದೀತು. ವರ್ಧನೆಯೂ ಬೇಕು, ತುಂಡು ಯಾವುದಾದರೂ ಸರಿ ಎಂದರೆ 18 ಅಥವಾ 24 ವೋಲ್ಟಿನ ಸಪ್ಲೈ ಹುಡುಕಬೇಕು. ಒಂದೇ ಒಂದು ವೀಣೆಗೆ ಒಂದೇ ಪ್ರೀಆಂಪ್ ಕಟ್ಟುವವರು ನಾಲ್ಕಾರು ತುಂಡು ಅಳೆದು, ಮೈನಸ್ 2 ವೋಲ್ಟಿನ ಹತ್ತಿರದ್ದನ್ನು ಆರಿಸಿಕೊಂಡು, 390 ಓಮಿನಲ್ಲೇ ಕೆಲಸ ಮುಗಿಸಬಹುದು.