ಮನೆ ಅಡುಗೆಯವರ ನಾಲ್ಕು ಉತ್ತರಗಳು

ಮನೆಯಲ್ಲೇ ಹೋಳಿಗೆ, ಬಿಸಿಬೇಳೆ ಬಾತ್, ಚಟ್ನಿ ಪುಡಿ ಮಾಡಿ ಮಾರುವವರಿಗೆ ಪ್ರತಿ ಗಿರಾಕಿಯೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ನಾಲ್ಕೇ: ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ನಮ್ಮ ಏರಿಯಾಗೆ ಕಳಿಸುತ್ತೀರಾ, ಇದರಲ್ಲಿ ಶೇಂಗಾ ಇದೆಯಾ, ದುಡ್ಡು ಹೇಗೆ ಕೊಡಬೇಕು. ಇವುಗಳ ಉತ್ತರವನ್ನು ಒಮ್ಮೆ ಬರೆದಿಟ್ಟು ಎಲ್ಲರಿಗೂ ಅದನ್ನೇ ಕೊಡುವುದು ವಾಡಿಕೆ. ಪಕ್ಕದವರು ಬರೆದದ್ದನ್ನು ನಕಲು ಮಾಡಿದರೆ ಈ ಉತ್ತರಗಳು ನಿಲ್ಲುವುದಿಲ್ಲ. ಪ್ರತಿಯೊಂದೂ ಆಯಾ ಅಡುಗೆಮನೆಯ ಒಲೆ, ಪಾತ್ರೆ, ಗಡಿಯಾರಗಳಿಂದಲೇ ಹುಟ್ಟಬೇಕು. ಬೆಂಗಳೂರಿನ ಮಲ್ಲೇಶ್ವರದಲ್ಲಿ ಬೇಳೆ ಹೋಳಿಗೆ, ಶೇಂಗಾ ಹೋಳಿಗೆ, ಬಿಸಿಬೇಳೆ ಬಾತ್ ಮಾಡುವ ಒಂದು ಮನೆಯನ್ನು ಉದಾಹರಣೆಗೆ ಇಟ್ಟುಕೊಂಡರೆ ಅದು ಸ್ಪಷ್ಟವಾಗುತ್ತದೆ.

ಕನಿಷ್ಠ ಆರ್ಡರ್‌ನಿಂದ ತೊಡಗಬಹುದು. ಹೋಳಿಗೆ ಹತ್ತಾಗಲಿ ನಲವತ್ತಾಗಲಿ, ಬೇಳೆ ಬೇಯಿಸಿ ಬಸಿಯಬೇಕು, ಬೆಲ್ಲ ಹಾಕಿ ಗೊಟಾಯಿಸಬೇಕು, ಹೂರಣ ರುಬ್ಬಬೇಕು, ಕಣಕ ಕಲಸಿ ಎಣ್ಣೆಯಲ್ಲಿ ನೆನೆಯಲು ಬಿಡಬೇಕು, ಕೊನೆಗೆ ರುಬ್ಬುವ ಕಲ್ಲು ತೊಳೆಯಬೇಕು. ಸಂಖ್ಯೆ ಎಷ್ಟೇ ಇದ್ದರೂ ಈ ಕೆಲಸ ಬದಲಾಗದು. ಎರಡು ಗಂಟೆಯ ದುಡಿಮೆಗೆ 200 ರೂಪಾಯಿ, ಗ್ಯಾಸು ಮತ್ತು ಕರೆಂಟಿಗೆ 60 ರೂಪಾಯಿ ಎಂದಿಟ್ಟುಕೊಂಡರೆ ಒಲೆ ಹಚ್ಚಿದ ಮಾತ್ರಕ್ಕೆ 260 ರೂಪಾಯಿ ಆಯಿತು. ಇನ್ನು ಒಂದೊಂದು ಹೋಳಿಗೆಗೆ ಸಾಮಾನು, ಪ್ಯಾಕಿಂಗ್, ತಟ್ಟಿ ಬೇಯಿಸುವ ಕೂಲಿ ಸೇರಿ 12 ರೂಪಾಯಿ. ಮಾರುವ ಬೆಲೆ 25 ಆದರೆ ಒಂದರಲ್ಲಿ ಉಳಿಯುವುದು 13. ಈ 13ರಿಂದ 260 ತುಂಬಲು 20 ಹೋಳಿಗೆ ಬೇಕು. ಹತ್ತು ಹೋಳಿಗೆಯ ಆರ್ಡರ್ ಒಪ್ಪಿಕೊಂಡರೆ 130 ರೂಪಾಯಿ ಕೈಯಿಂದ ಹೋಗುತ್ತದೆ, 25 ಇದ್ದರೆ 65 ಉಳಿಯುತ್ತದೆ. ‘ಕನಿಷ್ಠ 25’ ಎಂಬ ಮಾತಿನ ಹಿಂದೆ ಈ ಲೆಕ್ಕ ಇರಬೇಕು. ಮನೆಯಾಕೆಯ ದುಡಿಮೆಗೆ ಬೆಲೆ ಕಟ್ಟದೆ ಸಾಮಾನಿನ ಖರ್ಚನ್ನಷ್ಟೇ ನೋಡುವ ಮನೆಗಳಲ್ಲಿ ಹತ್ತರ ಆರ್ಡರೂ ಲಾಭದ್ದೆಂದು ಕಾಣುತ್ತದೆ. ಆ ತಪ್ಪು ತಿಂಗಳುಗಟ್ಟಲೆ ನಡೆಯುವುದುಂಟು.

ಆದರೆ ಇಬ್ಬರೇ ಇರುವ ಮನೆಯವರಿಗೆ 25 ಹೋಳಿಗೆ ಏಕೆ? 260 ರೂಪಾಯಿಯ ಖರ್ಚು ಬೀಳುವುದು ದಿನದ ಮೇಲೆಯೇ ಹೊರತು ಗಿರಾಕಿಯ ಮೇಲಲ್ಲ. ಶನಿವಾರ ಹೇಗೂ ಹೂರಣ ರುಬ್ಬುವ ದಿನವಾದರೆ ಅಂದು ಐದೈದು ಬೇಕೆನ್ನುವವರನ್ನೂ ಸೇರಿಸಿಕೊಳ್ಳಬಹುದು. ಆಗ ಉತ್ತರ ಹೀಗಾಗುತ್ತದೆ: ‘ಶನಿವಾರ 5ರಿಂದ ಮೇಲೆ ಎಷ್ಟಾದರೂ ಸರಿ, ಬೇರೆ ದಿನ ಕನಿಷ್ಠ 25.’ ಯುಗಾದಿಯ ವಾರದಲ್ಲಿ ಕನಿಷ್ಠಕ್ಕಿಂತ ಗರಿಷ್ಠವೇ ಮುಖ್ಯ. ಒಂದು ಕಾವಲಿಯಲ್ಲಿ ಬೆಳಗ್ಗೆ ಎಷ್ಟು ಬೇಯುತ್ತದೋ ಅಷ್ಟಕ್ಕೆ ಆರ್ಡರ್ ನಿಲ್ಲಿಸುವುದಾಗಿ ಮೊದಲೇ ಬರೆದಿರಬೇಕು.

ಎಲ್ಲಿಯವರೆಗೆ ಕಳಿಸುವುದೆಂಬುದನ್ನು ಕಿಲೋಮೀಟರಿನಲ್ಲಿ ಹೇಳುವುದೇ ರೂಢಿ. ಊಟಕ್ಕೆ ಸಂಬಂಧಿಸಿದ್ದು ದೂರಕ್ಕಿಂತ ಹೊತ್ತು. ಅದೂ ಒಂದೊಂದು ತಿನಿಸಿಗೆ ಒಂದೊಂದು ಬಗೆ. ಬೇಳೆ ಹೋಳಿಗೆ ಪ್ರಯಾಣ ತಡೆಯುತ್ತದೆ. ಪೂರ್ತಿ ಆರಿಸಿ ಕಟ್ಟಿದ್ದರೆ ವೈಟ್‌ಫೀಲ್ಡ್‌ವರೆಗೂ ನಿಶ್ಚಿಂತೆಯಿಂದ ಹೋದೀತು. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಮಾತ್ರ ಒಳಗೆ ಬೆವರಿ, ಒಂದಕ್ಕೊಂದು ಅಂಟಿ, ಮರುದಿನಕ್ಕೆ ಹಳಸಲು ಬರುತ್ತದೆ. ಬಿಸಿಬೇಳೆ ಬಾತಿನದು ಬೇರೆಯೇ ವಿಷಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಹೆಚ್ಚು ಹೊತ್ತು ಕುಳಿತರೆ ಮೊಳೆತು ವಿಷ ಬಿಡುತ್ತವೆ, ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಬಿಸಿಯಾಗಿ ಬಡಿಸುವ ಊಟ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ಗಿರಾಕಿಯ ಮನೆ ಮುಟ್ಟಬೇಕು.

ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ. ಊಟಕ್ಕೆ ಚುಚ್ಚಿ ನೋಡುವ ಥರ್ಮಾಮೀಟರು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ದಿನವೂ ಬಳಸುವ ಡಬ್ಬಿಯಲ್ಲೇ ಬಿಸಿಬಿಸಿ ಬಾತು ತುಂಬಿ, ಎಂದಿನಂತೆ ಬಟ್ಟೆ ಸುತ್ತಿ, ಕಾಲು ಗಂಟೆಗೊಮ್ಮೆ ಅಳೆದರೆ ಸಾಕು. 85 ಡಿಗ್ರಿಯಲ್ಲಿ ತುಂಬಿದ್ದು ಒಂದೂಕಾಲು ಗಂಟೆಗೆ 62ಕ್ಕೆ ಇಳಿಯಿತೆಂದಾದರೆ ಆ ಮನೆಯ ಬಾತಿನ ಗಡಿ ಒಂದು ಗಂಟೆ. ಮಲ್ಲೇಶ್ವರದಿಂದ ಶೇಷಾದ್ರಿಪುರ, ವೈಯಾಲಿಕಾವಲ್, ಸದಾಶಿವನಗರ, ರಾಜಾಜಿನಗರ ಸಂಜೆಯ ಟ್ರಾಫಿಕ್ಕಿನಲ್ಲೂ ಅದರೊಳಗೆ ಬಂದಾವು, ವೈಟ್‌ಫೀಲ್ಡ್ ಬಾರದು. ಉತ್ತರದಲ್ಲಿ ಬಡಾವಣೆಗಳ ಹೆಸರನ್ನೇ ಬರೆಯುವುದು ಒಳ್ಳೆಯದು, ‘8 ಕಿಲೋಮೀಟರ್’ ಎಂದರೆ ಗಿರಾಕಿ ನಕ್ಷೆ ನೋಡಿ ವಾದಕ್ಕೆ ನಿಲ್ಲುತ್ತಾರೆ. ಗಿರಾಕಿಯೇ ಬೈಕ್ ಸವಾರನನ್ನು ಕಳಿಸುವುದಾದರೆ ಡಬ್ಬಿ ಕೈಸೇರಿದ ಹೊತ್ತನ್ನೂ, ಎಷ್ಟು ಹೊತ್ತಿನೊಳಗೆ ಉಣ್ಣಬೇಕೆಂಬುದನ್ನೂ ಡಬ್ಬಿಯ ಮೇಲೆ ಬರೆಯಬೇಕು.

ಮೂರನೆಯದು ಅಲರ್ಜಿ. ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು, ಹಾಗಾಗಿ ನಾಲ್ಕರಲ್ಲಿ ಅತಿ ಎಚ್ಚರದಿಂದ ಬರೆಯಬೇಕಾದ ಉತ್ತರ ಇದೇ.

ಮೊದಲ ತೊಡಕು ನಮ್ಮ ಮಾತಿನಲ್ಲೇ ಇದೆ. ‘ಶೇಂಗಾ ನಮಗೆ ಆಗಿಬರಲ್ಲ’ ಎಂದು ಗಿರಾಕಿ ಹೇಳಿದರೆ ಪಿತ್ತವಾಗುತ್ತದೆ ಎಂದೂ ಇರಬಹುದು, ತಿಂದರೆ ಉಸಿರು ಕಟ್ಟುತ್ತದೆ ಎಂದೂ ಇರಬಹುದು. ಎರಡಕ್ಕೂ ಒಂದೇ ಮಾತು. ತುಟಿ ಊದಿಕೊಳ್ಳುವುದು, ಮೈಮೇಲೆ ದದ್ದು ಏಳುವುದು, ಗಂಟಲು ಬಿಗಿಯುವುದು ಅಲರ್ಜಿಯ ಲಕ್ಷಣ. ಅಂಥವರಿಗೆ ಚಿಟಿಕೆಯಷ್ಟೂ ಅಪಾಯ. ‘ತಿಂದರೆ ಏನಾಗುತ್ತದೆ?’ ಎಂದು ತಿರುಗಿ ಕೇಳುವುದನ್ನು ಅಡುಗೆಯವರು ರೂಢಿ ಮಾಡಿಕೊಳ್ಳಬೇಕು. ಎರಡನೆಯ ತೊಡಕು ಕಡಲೆಯದು. ಕಡಲೆಬೇಳೆ, ಹುರಿಗಡಲೆ, ಕಡಲೆಕಾಯಿ ಬೀಜ ಮೂರರ ಹೆಸರಿನಲ್ಲೂ ಕಡಲೆ ಇದೆ. ಮೊದಲೆರಡು ಒಂದೇ ಕಾಳಿನ ರೂಪಗಳು, ಮೂರನೆಯದು ಬೇರೆ ಗಿಡದ್ದು. ‘ಕಡಲೆ ಇಲ್ಲ’ ಎಂದಷ್ಟೇ ಬರೆದರೆ ಹಳೇ ಮೈಸೂರಿನವರಿಗೊಂದು ಅರ್ಥ, ಧಾರವಾಡದವರಿಗೊಂದು ಅರ್ಥ. ‘ಕಡಲೆಕಾಯಿ ಬೀಜ, ಅಂದರೆ ಶೇಂಗಾ’ ಎಂದು ಎರಡು ಹೆಸರೂ ಇರಲೇಬೇಕು.

ಭಾರತದ ಆಹಾರ ಲೇಬಲ್ ನಿಯಮಗಳು, 2020ರ ಪ್ರಕಾರ ಪೊಟ್ಟಣದ ಮೇಲೆ ಹೇಳಲೇಬೇಕಾದ ಅಲರ್ಜಿಕಾರಕಗಳಲ್ಲಿ ಗೋಧಿಯಂಥ ಗ್ಲುಟೆನ್ ಧಾನ್ಯಗಳು, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಶೇಂಗಾ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಸೇರಿವೆ. ಎಳ್ಳು ಮತ್ತು ಸಾಸಿವೆ ಆ ಪಟ್ಟಿಯಲ್ಲಿಲ್ಲ. ಯುರೋಪಿನ ಪಟ್ಟಿಯಲ್ಲಿ ಎರಡೂ ಇವೆ. ಎಳ್ಳಿನ ಪುಡಿ, ಸಾಸಿವೆ ಒಗ್ಗರಣೆ ದಿನವೂ ನಡೆಯುವ ಕನ್ನಡದ ಅಡುಗೆಮನೆ ಕಾನೂನು ಕೇಳದಿದ್ದರೂ ಅವನ್ನು ಸೇರಿಸಿಯೇ ಬರೆಯಬೇಕು.

ಕಣ್ಣಿಗೆ ಕಾಣದ ಸಾಮಾನುಗಳೇ ಹೆಚ್ಚು ಮೋಸ ಮಾಡುತ್ತವೆ. ಅಂಗಡಿಯ ಇಂಗಿನ ಪುಡಿ ಬರೀ ಇಂಗಲ್ಲ, ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ, ಹಿಟ್ಟು ಬಹಳ ಸಲ ಮೈದಾ. ಗೋಧಿ ತಿನ್ನಬಾರದವರಿಗೆ ‘ಅನ್ನ-ಸಾರು ತಾನೇ’ ಎಂದು ಕೊಟ್ಟ ಊಟದಲ್ಲಿ ಗೋಧಿ ಸೇರುವುದು ಹೀಗೆ. ತುಪ್ಪದಲ್ಲಿ ಹಾಲಿನ ಪ್ರೋಟೀನು ಅಲ್ಪಸ್ವಲ್ಪ ಉಳಿದಿರುತ್ತದೆ. ರಿಫೈನ್ಡ್ ಶೇಂಗಾ ಎಣ್ಣೆಯಲ್ಲಿ ಪ್ರೋಟೀನು ಅತ್ಯಲ್ಪ, ಗಾಣದ ಎಣ್ಣೆಯಲ್ಲಿ ಅದಕ್ಕಿಂತ ಹೆಚ್ಚು. ಆರೋಗ್ಯಕ್ಕೆ ಒಳ್ಳೆಯದೆಂದು ಎಣ್ಣೆ ಬದಲಿಸಿದ ದಿನವೇ ಅಲರ್ಜಿಯ ಉತ್ತರವೂ ಬದಲಾಗಬೇಕು.

ಇದಕ್ಕಿಂತ ದೊಡ್ಡದು ಪಾತ್ರೆಯ ಪ್ರಶ್ನೆ. ಬೇಳೆ ಹೋಳಿಗೆಯಲ್ಲಿ ಶೇಂಗಾ ಹಾಕುವುದಿಲ್ಲ, ನಿಜ. ಆದರೆ ಅದೇ ಮನೆಯಲ್ಲಿ ಶೇಂಗಾ ಹೋಳಿಗೆಯೂ ಆಗುತ್ತದೆ. ಎರಡಕ್ಕೂ ಅದೇ ಕಾವಲಿ, ಅದೇ ಲಟ್ಟಣಿಗೆ, ಉದುರಿಸಲು ಅದೇ ಬಟ್ಟಲಿನ ಹಿಟ್ಟು. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಳೆಯಡಿ ಶೇಂಗಾ ಪುಡಿ ಕೂತಿರುತ್ತದೆ, ಬಳೆ ಬಿಚ್ಚಿ ನೋಡಿದರೆ ಕಾಣುತ್ತದೆ. ಕಾವಲಿಯನ್ನು ಬಟ್ಟೆಯಲ್ಲಿ ಒರೆಸಿದರೆ ಪ್ರೋಟೀನು ಹೋಗದು, ಕಾಯಿಸಿದರೂ ನಾಶವಾಗದು, ಸಾಬೂನು ಹಾಕಿ ಉಜ್ಜಿ ತೊಳೆಯಬೇಕು. ಹಾಗೆ ತೊಳೆದು, ಬೆಳಗ್ಗೆ ಶೇಂಗಾ ಡಬ್ಬಿ ತೆರೆಯುವ ಮೊದಲೇ ಬೇಳೆ ಹೋಳಿಗೆ ಮುಗಿಸಿದರೆ ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಇಂಥ ಮನೆ ಪ್ರಾಮಾಣಿಕವಾಗಿ ಬರೆಯಬಹುದಾದದ್ದು ಇಷ್ಟು: ‘ನಮ್ಮ ಬೇಳೆ ಹೋಳಿಗೆಗೆ ಶೇಂಗಾ ಹಾಕುವುದಿಲ್ಲ. ಆದರೆ ಅದೇ ಕಾವಲಿ ಮತ್ತು ಪಾತ್ರೆಗಳಲ್ಲಿ ಶೇಂಗಾ ಹೋಳಿಗೆಯನ್ನೂ ಮಾಡುತ್ತೇವೆ. ಶೇಂಗಾ ಅಲರ್ಜಿ ಇರುವವರಿಗೆ ದಯವಿಟ್ಟು ಕೊಡಬೇಡಿ.’ ಇದರಿಂದ ಒಂದೆರಡು ಆರ್ಡರ್ ತಪ್ಪಬಹುದು. ತಪ್ಪಲಿ.

ಹಣದ ಉತ್ತರ ಇದೇ ಗಡಿಯಾರಕ್ಕೆ ಕಟ್ಟಿಕೊಂಡಿದೆ. ಅರ್ಧ ಮುಂಗಡ ಕೇಳುವುದು ಸಾಮಾನು ತರಲಿಕ್ಕೆ. ಆದ್ದರಿಂದ ಸಾಮಾನು ತರುವ ಮುನ್ನ ರದ್ದು ಮಾಡಿದರೆ ಪೂರ್ತಿ ವಾಪಸು, ತಂದ ಮೇಲೆ ಇಲ್ಲ ಎಂದು ದಿನ ಮತ್ತು ಗಂಟೆ ಹೇಳಿ ಬರೆಯಬೇಕು. ಯುಪಿಐನಲ್ಲಿ ದುಡ್ಡು ಹಾಕುವಾಗ ಪರದೆಯ ಮೇಲೆ ಕಾಣುವ ಹೆಸರು ಗಂಡನದ್ದೋ ಮಗನದ್ದೋ ಆಗಿದ್ದರೆ ಗಿರಾಕಿ ಹಿಂಜರಿಯುತ್ತಾರೆ, ಆ ಹೆಸರನ್ನೂ ಮೊದಲೇ ತಿಳಿಸಿರಬೇಕು. ಸ್ಕ್ರೀನ್‌ಶಾಟ್ ಬಂದರೆ ದುಡ್ಡು ಬಂದಂತಲ್ಲ, ಚಿತ್ರವನ್ನು ತಿದ್ದಬಹುದು. ಸ್ವಂತ ಖಾತೆಯಲ್ಲಿ ಜಮೆ ಕಂಡ ಮೇಲೆಯೇ ಆರ್ಡರ್ ಖಚಿತ. ದೊಡ್ಡ ಆರ್ಡರ್ ಕೊಡುವ ನೆಪದಲ್ಲಿ ‘ಮುಂಗಡ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎನ್ನುವ ವಂಚಕರಿದ್ದಾರೆ. ದುಡ್ಡು ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೊರಗೆ ಹೋಗುತ್ತದೆ.

ನಾಲ್ಕೂ ಉತ್ತರಗಳು ಒಟ್ಟಿಗೆ ಕೆಲಸ ಮಾಡುವುದನ್ನು ಒಂದು ಆರ್ಡರ್‌ನಲ್ಲಿ ನೋಡಬಹುದು. ರಾಜಾಜಿನಗರದ ಒಂದು ಮನೆಯಲ್ಲಿ ಭಾನುವಾರ ಗೃಹಪ್ರವೇಶ, 40 ಬೇಳೆ ಹೋಳಿಗೆ ಬೇಕು, ಬರುವ ಮಕ್ಕಳಲ್ಲಿ ಒಬ್ಬಳಿಗೆ ಶೇಂಗಾ ಆಗಿಬರುವುದಿಲ್ಲ ಎಂದು ಬುಧವಾರ ಫೋನ್ ಬರುತ್ತದೆ. ಭಾನುವಾರಕ್ಕೆ ಕನಿಷ್ಠ 25, ಅದು ದಾಟಿದೆ. ಹೋಳಿಗೆಗೆ ದೂರದ ತೊಂದರೆಯಿಲ್ಲ. ‘ಮಗುವಿಗೆ ತಿಂದರೆ ಏನಾಗುತ್ತಮ್ಮ?’ ಎಂದು ಕೇಳಿದಾಗ ಒಮ್ಮೆ ತುಟಿ ಊದಿ ಆಸ್ಪತ್ರೆಗೆ ಒಯ್ದದ್ದು ತಿಳಿಯುತ್ತದೆ. ಪಾತ್ರೆಯ ವಿಷಯ ಹೇಳಿ, ಮಗುವಿಗೆ ಈ ಹೋಳಿಗೆ ಬೇಡ ಎಂದು ಅಡುಗೆಯವರು ಸ್ಪಷ್ಟಪಡಿಸುತ್ತಾರೆ. ಆ ಮನೆಯವರು ಅವಳಿಗೆಂದು ಶಾವಿಗೆ ಪಾಯಸ ತಾವೇ ಮಾಡಿಕೊಳ್ಳುವುದೆಂದು ಆಗುತ್ತದೆ. ಒಟ್ಟು 1000 ರೂಪಾಯಿ, ಮುಂಗಡ 500. ಶುಕ್ರವಾರ ಸಂಜೆ 6ಕ್ಕೆ ಬೇಳೆ-ಬೆಲ್ಲ ತರುವುದರಿಂದ ಅಲ್ಲಿಯವರೆಗೆ ರದ್ದು ಮಾಡಿದರೆ ಅದು ಪೂರ್ತಿ ವಾಪಸು. ಉಳಿದ 500 ಭಾನುವಾರ ಬೆಳಗ್ಗೆ ಡಬ್ಬಿ ಹೊರಡುವ ಮೊದಲು ಜಮೆಯಾಗಬೇಕು. ಡಬ್ಬಿಯ ಮುಚ್ಚಳದ ಮೇಲೆ ಮಾಡಿದ ದಿನಾಂಕ, ಆಹಾರ ಸುರಕ್ಷತಾ ನೋಂದಣಿಯ 14 ಅಂಕಿಯ ಸಂಖ್ಯೆ, ಕೆಳಗೆ ದಪ್ಪ ಅಕ್ಷರದಲ್ಲಿ: ಗೋಧಿ ಮತ್ತು ತುಪ್ಪ ಇದೆ, ಶೇಂಗಾ ಬಳಸುವ ಅಡುಗೆಮನೆಯಲ್ಲಿ ಮಾಡಿದ್ದು.