ರಾತ್ರಿ ಫೈಲಿಗೆ ಬ್ಯಾಂಕಿನ ಫೈರ್‌ವಾಲ್ ತೆರೆಸುವ ಪತ್ರ

ಬ್ಯಾಂಕಿನ ಫೈರ್‌ವಾಲ್ ಮೊದಲಿಗೆ ಎಲ್ಲರನ್ನೂ ತಡೆಯುತ್ತದೆ. ಯಾರನ್ನು ಬಿಡಬೇಕೆಂದು ಅದರ ಪಟ್ಟಿಯಲ್ಲಿ ಬರೆದಿದೆಯೋ ಅವರಿಗಷ್ಟೇ ದಾರಿ. ಪಟ್ಟಿಯ ಒಂದೊಂದು ಸಾಲಿನಲ್ಲೂ ನಾಲ್ಕು ಸಂಗತಿಗಳಿರುತ್ತವೆ: ಸಂಪರ್ಕ ಯಾವ ವಿಳಾಸದಿಂದ ಬರುತ್ತದೆ, ಯಾವ ವಿಳಾಸಕ್ಕೆ ಹೋಗುತ್ತದೆ, ಯಾವ ಪೋರ್ಟ್, ಯಾವ ಪ್ರೋಟೊಕಾಲ್. ಕಂಪನಿಯೊಂದು ದಿನವೂ ರಾತ್ರಿ ಬ್ಯಾಂಕಿಗೆ ಪಾವತಿ ಫೈಲ್ ಕಳುಹಿಸಬೇಕಾದರೆ ಆ ಪಟ್ಟಿಗೆ ಒಂದು ಸಾಲು ಸೇರಬೇಕು. ಅದನ್ನು ಸೇರಿಸಿ ಎಂದು ಬ್ಯಾಂಕಿನ ತಾಂತ್ರಿಕ ತಂಡಕ್ಕೆ ಬರೆಯುವ ಪತ್ರ ಅರ್ಧ ಪುಟ ಮೀರುವುದಿಲ್ಲ. ಆದರೆ ಅದರಲ್ಲಿ ಒಂದು ಅಂಕಿ ತಪ್ಪಿದರೂ ಪತ್ರ ವಾಪಸ್ ಬರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ತಪ್ಪು ಸಾಲೇ ಪಟ್ಟಿಗೆ ಸೇರಿಬಿಡುತ್ತದೆ.

ಉದಾಹರಣೆಗೆ ಹುಬ್ಬಳ್ಳಿಯ ಒಂದು ಸಗಟು ವ್ಯಾಪಾರಿ ಸಂಸ್ಥೆಯನ್ನು ಊಹಿಸಿಕೊಳ್ಳಬಹುದು. ದಿನದ ಲೆಕ್ಕ ಮುಗಿದ ಮೇಲೆ, ಮಾಲು ಕೊಟ್ಟವರಿಗೆಲ್ಲ ಎಷ್ಟೆಷ್ಟು ಹಣ ಹೋಗಬೇಕೆಂಬ ಫೈಲನ್ನು ಅದರ ಸರ್ವರ್ ರಾತ್ರಿ 11.30ಕ್ಕೆ ಬ್ಯಾಂಕಿಗೆ ಕಳುಹಿಸಬೇಕು. ಯಾವ ಪಾವತಿ ಆಯಿತು, ಯಾವುದು ಆಗಲಿಲ್ಲ ಎಂಬ ಉತ್ತರದ ಫೈಲನ್ನು ಬೆಳಿಗ್ಗೆ 6ಕ್ಕೆ ತೆಗೆದುಕೊಂಡು ಬರಬೇಕು. ಇಂಥ ಕೆಲಸಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಎಸ್‌ಎಫ್‌ಟಿಪಿ. ಇದು ಫೈಲನ್ನು ಗೂಢಲಿಪಿಯಲ್ಲಿ ಸಾಗಿಸುತ್ತದೆ ಮತ್ತು ಎಲ್ಲ ಕೆಲಸವನ್ನೂ ಒಂದೇ ಪೋರ್ಟ್‌ನಲ್ಲಿ, ಸಾಮಾನ್ಯವಾಗಿ 22ರಲ್ಲಿ, ಮುಗಿಸುತ್ತದೆ. ಹಳೆಯ ಎಫ್‌ಟಿಪಿಗೆ ಆದೇಶಕ್ಕೊಂದು, ಫೈಲಿಗೊಂದು ಎಂದು ಬೇರೆ ಬೇರೆ ಸಂಪರ್ಕ ಬೇಕಿತ್ತು. ಒಂದೇ ಪೋರ್ಟ್ ಸಾಕಾದರೆ ಫೈರ್‌ವಾಲ್ ನೋಡಿಕೊಳ್ಳುವವರಿಗೂ ನೆಮ್ಮದಿ.

ಪತ್ರದಲ್ಲಿ ಅತಿ ಹೆಚ್ಚು ತಪ್ಪಾಗುವುದು ಕಳುಹಿಸುವವರ ವಿಳಾಸದಲ್ಲಿ. ಸರ್ವರ್‌ನ ಮುಂದೆ ಕೂತು ಅದರ ಐಪಿ ವಿಳಾಸ ನೋಡಿದರೆ 192.168.1.15 ಎಂದೋ 10.0.0.8 ಎಂದೋ ಕಾಣುತ್ತದೆ. ಇವು ಕಚೇರಿಯ ಒಳಗಿನ ವಿಳಾಸಗಳು. ಮನೆಯೊಳಗೆ ‘ನಡುಮನೆ’, ‘ಅಡುಗೆಮನೆ’ ಅಂದಂತೆ. ಅಂಚೆಯವನಿಗೆ ಅವುಗಳಿಂದ ಉಪಯೋಗವಿಲ್ಲ. ಕಚೇರಿಯಿಂದ ಹೊರಡುವ ಸಂಪರ್ಕಕ್ಕೆ ರೂಟರ್ ತನ್ನ ಹೊರವಿಳಾಸವನ್ನು ಹಚ್ಚಿ ಕಳುಹಿಸುತ್ತದೆ, ಬ್ಯಾಂಕಿಗೆ ಕಾಣುವುದು ಅದೊಂದೇ. ಅದನ್ನು ತಿಳಿಯಲು ಫೈಲ್ ಕಳುಹಿಸುವ ಸರ್ವರ್‌ನಲ್ಲಿಯೇ ಈ ಆದೇಶ ಕೊಡಬೇಕು:

```
curl -4 https://ifconfig.me
```

ಪಕ್ಕದ ಮೇಜಿನ ಲ್ಯಾಪ್‌ಟಾಪ್‌ನಲ್ಲಿ ನೋಡಿ ಬರೆದುಕೊಂಡರೆ ಸಾಲದು. ಲ್ಯಾಪ್‌ಟಾಪ್ ಒಂದು ಇಂಟರ್ನೆಟ್ ಲೈನಿನಲ್ಲಿ, ಸರ್ವರ್ ಇನ್ನೊಂದರಲ್ಲಿ ಇರುವ ಕಚೇರಿಗಳು ಬೇಕಾದಷ್ಟಿವೆ.

ಹೊರವಿಳಾಸ ಸಿಕ್ಕ ಮಾತ್ರಕ್ಕೆ ಮುಗಿಯಲಿಲ್ಲ, ಅದು ಸ್ಥಿರವಾಗಿರಬೇಕು. ಸಾಮಾನ್ಯ ಬ್ರಾಡ್‌ಬ್ಯಾಂಡ್‌ನಲ್ಲಿ ರೂಟರ್ ಆರಿಸಿ ಹಚ್ಚಿದರೆ ವಿಳಾಸ ಬದಲಾಗಬಹುದು. ಹಾಗಾದ ರಾತ್ರಿ ಫೈಲ್ ಹೋಗುವುದಿಲ್ಲ. ಕೆಲವು ಸೇವಾದಾರರು ಒಂದೇ ಹೊರವಿಳಾಸವನ್ನು ಬಹಳ ಗ್ರಾಹಕರಿಗೆ ಹಂಚಿರುತ್ತಾರೆ. ಅಂಥ ವಿಳಾಸಕ್ಕೆ ಬ್ಯಾಂಕ್ ದಾರಿ ಕೊಟ್ಟರೆ ಆ ಗ್ರಾಹಕರೆಲ್ಲರಿಗೂ ಕೊಟ್ಟ ಹಾಗಾಗುತ್ತದೆ. ಆದ್ದರಿಂದ ಸೇವಾದಾರರಿಂದ ಸ್ಟ್ಯಾಟಿಕ್ ಐಪಿ ಕೊಂಡ ಮೇಲೆಯೇ ಪತ್ರ ಬರೆಯುವುದು ಸರಿಯಾದ ಕ್ರಮ. ಕಚೇರಿಗೆ ಎರಡನೆಯ ಇಂಟರ್ನೆಟ್ ಲೈನ್ ಇದ್ದರೆ ಅದರ ಸ್ಥಿರ ವಿಳಾಸವನ್ನೂ ಸೇರಿಸಬೇಕು. ಇಲ್ಲವಾದರೆ ಮುಖ್ಯ ಲೈನ್ ಕೈಕೊಟ್ಟ ದಿನ ಎರಡನೆಯದು ಇದ್ದೂ ಪ್ರಯೋಜನವಿಲ್ಲ.

ಸ್ಥಿರ ವಿಳಾಸವನ್ನು ಕೇಳುವ ಹಕ್ಕು ಕಂಪನಿಗೂ ಇದೆ, ಇದನ್ನು ಮರೆಯುವವರೇ ಹೆಚ್ಚು. ಹೊರಗೆ ಹೋಗುವ ಸಂಪರ್ಕಗಳನ್ನೂ ಬಿಗಿಯಾಗಿ ತಡೆಯುವ ಫೈರ್‌ವಾಲ್ ಕಂಪನಿಯಲ್ಲಿದ್ದರೆ, ಬ್ಯಾಂಕಿನ ಸರ್ವರ್‌ನ ವಿಳಾಸ ಅದರಲ್ಲಿ ಬರೆಯಬೇಕಾಗುತ್ತದೆ. ಬ್ಯಾಂಕ್ ಬರೀ ಹೆಸರು ಕೊಟ್ಟು, ಆ ಹೆಸರಿನ ಹಿಂದಿನ ವಿಳಾಸವನ್ನು ಮುಂದೊಂದು ದಿನ ಬದಲಿಸಿದರೆ ಕಂಪನಿಯ ಕಡೆಯೇ ದಾರಿ ಮುಚ್ಚುತ್ತದೆ. ಬ್ಯಾಂಕಿನ ಮುಖ್ಯ ಕೇಂದ್ರಕ್ಕೆ ತೊಂದರೆಯಾದಾಗ ಕೆಲಸ ವಹಿಸಿಕೊಳ್ಳುವ ಬದಲಿ ಕೇಂದ್ರದ ವಿಳಾಸವನ್ನೂ ಇದೇ ಪತ್ರದಲ್ಲಿ ಕೇಳಿಬಿಡುವುದು ಒಳ್ಳೆಯದು.

ಇಷ್ಟು ಕೈಯಲ್ಲಿದ್ದರೆ ಪತ್ರ ತಾನಾಗಿಯೇ ರೂಪುಗೊಳ್ಳುತ್ತದೆ. ಕೆಳಗಿನ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟ ಸಂಖ್ಯೆಗಳು:

“ಮಾನ್ಯರೇ, ನಮ್ಮ ಸರ್ವರ್‌ನಿಂದ ತಮ್ಮ ಎಸ್‌ಎಫ್‌ಟಿಪಿ ಸರ್ವರ್‌ಗೆ ಪ್ರತಿದಿನ ಭಾರತೀಯ ಕಾಲಮಾನ ರಾತ್ರಿ 11.30ಕ್ಕೆ ಪಾವತಿ ಫೈಲ್ ಕಳುಹಿಸಿ, ಬೆಳಿಗ್ಗೆ 6ಕ್ಕೆ ಉತ್ತರದ ಫೈಲ್ ಪಡೆಯಬೇಕಾಗಿದೆ. ನಮ್ಮ ಸ್ಥಿರ ಹೊರವಿಳಾಸಗಳು 203.0.113.25 (ಮುಖ್ಯ) ಮತ್ತು 192.0.2.40 (ಬದಲಿ). ಈ ಎರಡರಿಂದ ಮಾತ್ರ ಟಿಸಿಪಿ ಪೋರ್ಟ್ 22ಕ್ಕೆ ಅನುಮತಿ ನೀಡಬೇಕೆಂದು ಕೋರುತ್ತೇವೆ. ಸಂಪರ್ಕವನ್ನು ಯಾವಾಗಲೂ ನಾವೇ ಆರಂಭಿಸುತ್ತೇವೆ. ತಮ್ಮ ಮುಖ್ಯ ಹಾಗೂ ಬದಲಿ ಕೇಂದ್ರಗಳ ಸ್ಥಿರ ವಿಳಾಸಗಳನ್ನು ತಿಳಿಸಿ. ಪರೀಕ್ಷಾ ಸರ್ವರ್‌ಗೆ ಮೊದಲು, ಅಲ್ಲಿ ಸರಿಹೋದ ಮೇಲೆ ನಿಜವಾದ ಸರ್ವರ್‌ಗೆ ಅನುಮತಿ ಬೇಕು. ನಮ್ಮ ಪಬ್ಲಿಕ್ ಕೀ ಲಗತ್ತಿಸಿದೆ.”

‘ಸಂಪರ್ಕವನ್ನು ನಾವೇ ಆರಂಭಿಸುತ್ತೇವೆ’ ಎಂಬ ವಾಕ್ಯ ಚಿಕ್ಕದಾದರೂ ಬೆಲೆಯುಳ್ಳದ್ದು. ಫೈಲ್ ಎರಡೂ ಕಡೆ ಓಡಾಡುತ್ತದಲ್ಲ ಎಂದುಕೊಂಡು ಕೆಲವರು ಎರಡೂ ದಿಕ್ಕಿಗೆ ಅನುಮತಿ ಕೇಳುತ್ತಾರೆ. ಅದು ಬೇಕಿಲ್ಲ. ಒಳಗಿನಿಂದ ಹೊರಟ ಸಂಪರ್ಕವನ್ನು ಫೈರ್‌ವಾಲ್ ನೆನಪಿಟ್ಟುಕೊಂಡು, ಅದಕ್ಕೆ ಬರುವ ಉತ್ತರವನ್ನು ತಾನೇ ಬಿಡುತ್ತದೆ. ಬೆಳಗಿನ ಫೈಲನ್ನೂ ಕಂಪನಿಯೇ ಹೋಗಿ ತರುವುದರಿಂದ ಒಂದು ದಿಕ್ಕು ಸಾಕು. ಕಾಲಮಾನವನ್ನು ಹೇಳುವುದಕ್ಕೂ ಕಾರಣವಿದೆ. ಕ್ಲೌಡ್ ಸರ್ವರ್‌ಗಳ ಗಡಿಯಾರ ಅನೇಕ ವೇಳೆ ಯುಟಿಸಿಯಲ್ಲಿರುತ್ತದೆ. ಅಲ್ಲಿ 23:30 ಎಂದು ಹಾಕಿದರೆ ಫೈಲ್ ಹೊರಡುವುದು ನಮ್ಮ ಬೆಳಗಿನ 5 ಗಂಟೆಗೆ. ಹಾಕಬೇಕಾದ ಸಮಯ 18:00.

ಕೀ ಜೋಡಿಯಲ್ಲಿ ಪಬ್ಲಿಕ್ ಕೀ ಮಾತ್ರ ಪತ್ರದೊಂದಿಗೆ ಹೋಗಬೇಕು. ಪ್ರೈವೇಟ್ ಕೀ ಸರ್ವರ್ ಬಿಟ್ಟು ಕದಲಬಾರದು. ಅದನ್ನು ಕಣ್ತಪ್ಪಿನಿಂದ ಇಮೇಲ್‌ಗೆ ಲಗತ್ತಿಸಿದ್ದರೆ ಹೊಸ ಜೋಡಿ ಮಾಡಿಕೊಳ್ಳುವುದೊಂದೇ ದಾರಿ.

ಬ್ಯಾಂಕಿನಿಂದ ‘ಆಯಿತು’ ಎಂಬ ಉತ್ತರ ಬಂದ ಮೇಲೆ, ಫೈಲ್ ಕಳುಹಿಸುವ ಮುನ್ನ ದಾರಿಯನ್ನಷ್ಟೇ ಪರೀಕ್ಷಿಸಬೇಕು. ಬ್ಯಾಂಕ್ ಕೊಟ್ಟ ವಿಳಾಸ 198.51.100.20 ಆಗಿದ್ದರೆ:

```
nc -vz 198.51.100.20 22
```

ಬರುವ ಉತ್ತರದಲ್ಲೇ ತೊಂದರೆಯ ಜಾಗ ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಸುಮ್ಮನೆ ಕಾದು `Connection timed out` ಎಂದರೆ ನಡುವೆ ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ತಡೆಯುತ್ತಿರುವ ಸಂಭವ ಹೆಚ್ಚು. ಮೊದಲು ಕಂಪನಿಯದನ್ನೇ ನೋಡಬೇಕು, ಆಮೇಲೆ ಬ್ಯಾಂಕಿನದು. ತಟ್ಟನೆ `Connection refused` ಬಂದರೆ ಸಾಮಾನ್ಯವಾಗಿ ಆ ಯಂತ್ರದವರೆಗೆ ದಾರಿಯಿದೆ, ಆದರೆ ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ ಎಂದರ್ಥ. ಪೋರ್ಟ್ ಸಂಖ್ಯೆ ತಪ್ಪಿರಬಹುದು. `nc` ಯಶಸ್ವಿಯಾಗಿ, `sftp` ಆದೇಶಕ್ಕೆ `Permission denied (publickey)` ಎಂದು ಬಂದರೆ ಫೈರ್‌ವಾಲ್‌ನ ಕೆಲಸ ಮುಗಿದಿದೆ. ಹುಡುಕಬೇಕಾದ್ದು ಬಳಕೆದಾರರ ಹೆಸರಿನಲ್ಲಿ ಅಥವಾ ಕೀಯಲ್ಲಿ. ಈ ಮೂರನ್ನೂ ‘ಕನೆಕ್ಟ್ ಆಗುತ್ತಿಲ್ಲ’ ಎಂದು ಒಂದೇ ಮಾತಿನಲ್ಲಿ ಬರೆದರೆ ದೂರು ಬ್ಯಾಂಕಿನ ಬೇರೆ ಬೇರೆ ತಂಡಗಳ ನಡುವೆ ಅಲೆಯುತ್ತದೆ. ಪರದೆಯ ಸಾಲನ್ನು ಇದ್ದ ಹಾಗೆಯೇ, ಸಮಯದ ಸಮೇತ ನಕಲಿಸಿ ಕಳುಹಿಸಿದರೆ ಅದು ನೇರವಾಗಿ ಸರಿಯಾದ ಮೇಜಿಗೆ ಹೋಗುತ್ತದೆ.

ಮೊದಲ ಸಲ ಸಂಪರ್ಕವಾದಾಗ ಬ್ಯಾಂಕಿನ ಸರ್ವರ್‌ನ ಕೀ ಗುರುತನ್ನು ತೋರಿಸಿ, ಒಪ್ಪಿಗೆಯೇ ಎಂದು ಪರದೆ ಕೇಳುತ್ತದೆ. ಅವಸರದಲ್ಲಿ `yes` ಒತ್ತುವ ಮುನ್ನ, ಆ ಗುರುತನ್ನು ಬ್ಯಾಂಕಿನವರೊಂದಿಗೆ ಫೋನಿನಲ್ಲಿ ತಾಳೆ ನೋಡಬೇಕು. ವಿಳಾಸ ಸ್ಥಿರವಾಗಿದ್ದರೂ ಆ ಕಡೆ ಇರುವುದು ಬ್ಯಾಂಕೇ ಎಂದು ಖಚಿತಪಡಿಸುವುದು ಈ ತಾಳೆಯೇ.

ಕಂಪನಿ ಮುಂದೆ ಇಂಟರ್ನೆಟ್ ಸೇವಾದಾರರನ್ನು ಬದಲಿಸಿದರೆ ಇಂಥದೇ ಇನ್ನೊಂದು ಪತ್ರ ಬೇಕಾಗುತ್ತದೆ. ಹೊಸ ವಿಳಾಸ ಸೇರಿ, ಪರೀಕ್ಷೆಯಾಗಿ, ಒಂದೆರಡು ರಾತ್ರಿಯ ಫೈಲ್ ಅದರಿಂದ ಹೋಗುವವರೆಗೆ ಹಳೆಯ ಲೈನನ್ನು ಉಳಿಸಿಕೊಂಡಿರಬೇಕು. ಆ ಪತ್ರದಲ್ಲಿ ಹಳೆಯ ವಿಳಾಸವನ್ನು ಪಟ್ಟಿಯಿಂದ ತೆಗೆಯಿರಿ ಎಂಬ ಕೋರಿಕೆಯೂ ಇರಬೇಕು. ಬಿಟ್ಟುಕೊಟ್ಟ ವಿಳಾಸವನ್ನು ಸೇವಾದಾರರು ಮತ್ತೊಬ್ಬ ಗ್ರಾಹಕರಿಗೆ ಕೊಡುತ್ತಾರೆ, ಬ್ಯಾಂಕಿನ ಪಟ್ಟಿಯಲ್ಲಿ ಮಾತ್ರ ಅದು ಇನ್ನೂ ಹಳೆಯ ಕಂಪನಿಯದಾಗಿಯೇ ಉಳಿದಿರುತ್ತದೆ.