ಉರುಳೆಗೆ ಎರಡು ಕೆಲಸ

ಓರೆ ಹಲಗೆಯ ಮೇಲಿಂದ ಬಿಟ್ಟ ಗಟ್ಟಿ ಕಬ್ಬಿಣದ ಉರುಳೆ, ಘರ್ಷಣೆಯಿಲ್ಲದೆ ಜಾರುವ ವಸ್ತುವಿಗಿಂತ ನಿಧಾನವಾಗಿ ಇಳಿಯುತ್ತದೆ. ಅದು ಮುಂದೆ ಸಾಗಬೇಕು, ಜೊತೆಗೆ ತಿರುಗಲೂ ಬೇಕು.

ತಿರುಗಿಸುವುದು ಘರ್ಷಣೆ. ಗುರುತ್ವ ಇಳಿಜಾರಿನ ಗುಂಟ mg sinθ ಬಲದಿಂದ ಕೆಳಗೆಳೆಯುತ್ತದೆ. ಘರ್ಷಣೆ f ಹಿಂದಕ್ಕೆ ಹಿಡಿಯುತ್ತದೆ. ಹಾಗಾಗಿ mg sinθ − f = ma. ಇದೇ f ಉರುಳೆಯನ್ನು ಅಕ್ಷದ ಸುತ್ತ ತಿರುಗಿಸುವುದರಿಂದ fR = Iα. ಇಲ್ಲಿ I ಎಂದರೆ ಜಡತ್ವ ಭ್ರಾಮಕ, ಅಂದರೆ ತಿರುಗಲು ವಸ್ತು ತೋರುವ ಹಟ. ಗಟ್ಟಿ ಉರುಳೆಗೆ ಅದು ½mR². ಜಾರದೆ ಉರುಳುವಾಗ a = Rα; ಆದ್ದರಿಂದ f = ½ma. ಮೊದಲ ಸಮೀಕರಣಕ್ಕೆ ಇದನ್ನು ಹಾಕಿದರೆ:

a = ⅔ g sinθ

ತೂಕವೂ ಇಲ್ಲ, ತ್ರಿಜ್ಯವೂ ಇಲ್ಲ! ಹಲಗೆ 30 ಡಿಗ್ರಿ ಓರೆಯಿದ್ದರೆ ವೇಗೋತ್ಕರ್ಷ ಸುಮಾರು 3.27 m/s². ಘರ್ಷಣೆಯೇ ಇಲ್ಲದಿದ್ದರೆ 4.9. ತೆಳು ಗೋಡೆಯ ಟೊಳ್ಳು ಕೊಳವೆಗೆ ಬರೀ 2.45, ಏಕೆಂದರೆ ಅದರ ದ್ರವ್ಯರಾಶಿಯೆಲ್ಲ ಅಂಚಿನಲ್ಲಿದೆ.

ಈ ಲೆಕ್ಕಕ್ಕೂ ಮಿತಿಯಿದೆ. tanθ ಬೆಲೆ 3μ ದಾಟಿದರೆ ಘರ್ಷಣೆ ಸಾಲದು. ಘರ್ಷಣಾಂಕ μ 0.3 ಇದ್ದರೆ ಸುಮಾರು 42 ಡಿಗ್ರಿಯ ಆಚೆ ಉರುಳೆ ಜಾರತೊಡಗುತ್ತದೆ. ಪತ್ತೆ ಹಚ್ಚುವುದು ಸುಲಭ: ಅಂಚಿಗೊಂದು ಸೀಮೆಸುಣ್ಣದ ಗುರುತು ಹಾಕಿ. ಒಂದು ಸುತ್ತಿನಲ್ಲಿ ಅದು ತನ್ನ ಸುತ್ತಳತೆಗಿಂತ ಹೆಚ್ಚು ದೂರ ಸಾಗಿದರೆ ಜಾರಿದೆ ಎಂದೇ ಅರ್ಥ.